ಮುಚ್ಚಿದ ಹುದ್ದೆಯ ಸುದ್ದಿ ಫೀಡಿನಲ್ಲಿ ಬರುವುದಿಲ್ಲ: ಎರಡು ವರ್ಷಗಳ ಬಳಕೆಯ ಅನುಭವ

ಸುಮಾರು ನಲವತ್ತು ಕಂಪನಿಗಳಲ್ಲಿ ತೆರವಾಗುವ ಹುದ್ದೆಗಳನ್ನು ಒಂದೆಡೆ ಸೇರಿಸಿ, ತಾಂತ್ರಿಕ ಬರವಣಿಗೆಯ ಕೆಲಸ ಹುಡುಕುವ ಗೆಳೆಯರಿಗೆ ತೋರಿಸುವ ಪುಟ್ಟ ಸೂಚನಾಫಲಕವೊಂದನ್ನು ನಾನು ನಡೆಸುತ್ತೇನೆ. ಮೊದಲು ಪ್ರತಿ ಕಂಪನಿಯ ಪುಟವನ್ನೂ ಸ್ಕ್ರೇಪ್ ಮಾಡುತ್ತಿದ್ದೆ. ಪುಟದ ವಿನ್ಯಾಸ ಬದಲಾದಾಗಲೆಲ್ಲ ಪ್ರೋಗ್ರಾಂ ಕೆಡುತ್ತಿತ್ತು, ಅದನ್ನು ಸರಿಪಡಿಸುವುದರಲ್ಲಿಯೇ ನನ್ನ ಭಾನುವಾರಗಳು ಮುಗಿಯುತ್ತಿದ್ದವು. ಎರಡು ವರ್ಷಗಳ ಹಿಂದೆ ಅದನ್ನೆಲ್ಲ ಬದಿಗಿಟ್ಟು, ಇವುಗಳಲ್ಲಿ ಹೆಚ್ಚಿನ ಕಂಪನಿಗಳು ನೇಮಕಾತಿಗೆ ಬಳಸುವ ಗ್ರೀನ್‌ಹೌಸ್ ಮತ್ತು ಲೀವರ್ ವ್ಯವಸ್ಥೆಗಳು ಸಾರ್ವಜನಿಕರಿಗಾಗಿಯೇ ತೆರೆದಿಟ್ಟಿರುವ ಎಪಿಐಗಳಿಗೆ ಬದಲಾದೆ.

ಬೆಳಿಗ್ಗೆ ಆರು ಗಂಟೆಗೆ ಹಳೆಯ ಕಂಪ್ಯೂಟರೊಂದು ಒಂದೊಂದು ಕಂಪನಿಗೂ ಇಂಥದೊಂದು ವಿನಂತಿ ಕಳುಹಿಸುತ್ತದೆ:

```
curl "https://boards-api.greenhouse.io/v1/boards/TOKEN/jobs?content=true"
```

`TOKEN` ಇರುವ ಜಾಗದಲ್ಲಿ ಆ ಕಂಪನಿಯ ಜಾಬ್ ಬೋರ್ಡ್ ವಿಳಾಸದಲ್ಲಿ ಕಾಣುವ ಹೆಸರನ್ನು ಬರೆಯಬೇಕು. ಓದುವುದಕ್ಕೆ ಕೀ ಬೇಡ, ನೋಂದಣಿಯೂ ಬೇಡ, ಹಣವಂತೂ ಬೇಡವೇ ಬೇಡ. ನನ್ನಂತಹ ಬಿಡುವಿನ ವೇಳೆಯ ಹವ್ಯಾಸಿಗೆ ಇದು ಸಣ್ಣ ಮಾತಲ್ಲ. ಕೆಲವೇ ಕ್ಷಣಗಳಲ್ಲಿ ಎಲ್ಲ ಹುದ್ದೆಗಳೂ ವಿವರಣೆಯ ಸಮೇತ ಬಂದು ಇಳಿಯುತ್ತವೆ. ಮೊದಲ ವಾರ ಮಾತ್ರ ನನ್ನ ಫಲಕದ ತುಂಬ `<p>` ಎಂಬಂಥ ಚಿಹ್ನೆಗಳು ಚೆಲ್ಲಾಡಿದ್ದವು. ಗ್ರೀನ್‌ಹೌಸ್ ವಿವರಣೆಯ ಎಚ್‌ಟಿಎಂಎಲ್ ಅನ್ನು ಎಸ್ಕೇಪ್ ಮಾಡಿ ಕಳುಹಿಸುತ್ತದೆ, ತೋರಿಸುವ ಮೊದಲು ಅದನ್ನು ನಾವೇ ಬಿಡಿಸಿಕೊಳ್ಳಬೇಕು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ನಿರೀಕ್ಷಿಸದೇ ಸಿಕ್ಕ ಸಂತೋಷವೆಂದರೆ `internal_job_id`. ಒಂದೇ ಕೆಲಸವನ್ನು ಮೂರು ಊರುಗಳ ಹೆಸರಿನಲ್ಲಿ ಮೂರು ಬಾರಿ ಪ್ರಕಟಿಸಿದರೆ ಪ್ರತಿ ಪ್ರಕಟಣೆಗೂ ಬೇರೆ ಬೇರೆ `id` ಇರುತ್ತದೆ, ಆದರೆ ಅವುಗಳ ಹಿಂದಿರುವ ಕೆಲಸದ ಸಂಖ್ಯೆ ಮಾತ್ರ ಒಂದೇ ಆಗಿರುತ್ತದೆ. ಸ್ಕ್ರೇಪ್ ಮಾಡುವಾಗ ಶೀರ್ಷಿಕೆಗಳನ್ನು ಹೋಲಿಸಿ ಇವು ಒಂದೋ ಮೂರೋ ಎಂದು ಊಹಿಸುತ್ತಿದ್ದವನಿಗೆ, ಈಗ ಮೂರು ಊರುಗಳನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಸುಲಭವಾಗಿದೆ.

ಮೊದಲ ನಾಲ್ಕು ತಿಂಗಳು ಕಳೆದ ಮೇಲೆ ವಿಮರ್ಶೆ ಬರೆದಿದ್ದರೆ ಹೊಗಳಿಕೆಯೇ ಹೆಚ್ಚಾಗಿರುತ್ತಿತ್ತು. ಆಮೇಲೆ ನನ್ನ ತಾಳ್ಮೆ ಕೆಡಿಸಿದ್ದು ಒಂದೇ ಕೊರತೆ: ಈ ಎಪಿಐಗಳು ಕೊಡುವ ಫೀಡುಗಳು ಇಂದು ಯಾವ ಹುದ್ದೆಗಳು ತೆರೆದಿವೆ ಎಂದಷ್ಟೇ ಹೇಳುತ್ತವೆ, ಯಾವುದು ಮುಚ್ಚಿತು ಎಂದು ಹೇಳುವುದಿಲ್ಲ. ನಿನ್ನೆ ಇದ್ದದ್ದು ಇಂದು ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಮುಚ್ಚಿದೆ ಎಂದು ನಾವೇ ಅರ್ಥಮಾಡಿಕೊಳ್ಳಬೇಕು. ಕೇಳುವುದಕ್ಕೆ ಸರಳವಾಗಿರುವ ಈ ಲೆಕ್ಕ ತಪ್ಪುವುದಕ್ಕೆ ಎಷ್ಟು ದಾರಿಗಳಿವೆ ಎಂಬುದನ್ನು ನಾನು ಒಂದೊಂದಾಗಿ ಕಲಿತೆ.

ಒಂದು ಬೆಳಿಗ್ಗೆ ನನ್ನ ಮನೆಯ ಸಂಪರ್ಕ ನಡುನಡುವೆ ಕಡಿದುಹೋಗುತ್ತಿತ್ತು. ಉತ್ತರ ಬಾರದಿದ್ದಾಗ ಖಾಲಿ ಪಟ್ಟಿಯನ್ನು ಹಿಂದಿರುಗಿಸುವಂತೆ ನಾನೇ ಬರೆದಿದ್ದ ಪ್ರೋಗ್ರಾಂ, ಒಂಬತ್ತು ಕಂಪನಿಗಳ ಎಲ್ಲ ಹುದ್ದೆಗಳೂ ಮುಚ್ಚಿವೆ ಎಂದು ಸಾರಿಬಿಟ್ಟಿತು. ಮರುದಿನ ಅವೇ ಹುದ್ದೆಗಳು ‘ಹೊಸತು’ ಎಂಬ ಹಣೆಪಟ್ಟಿಯೊಂದಿಗೆ ಮರಳಿದವು. ತಪ್ಪು ಪೂರ್ತಿ ನನ್ನದೇ. ಅಂದಿನಿಂದ, ಉತ್ತರ ಬರದಿರುವುದು ಬೇರೆ, ಉತ್ತರದಲ್ಲಿ ಹುದ್ದೆ ಇಲ್ಲದಿರುವುದು ಬೇರೆ ಎಂದು ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದ್ದೇನೆ. ಉತ್ತರವೇ ಬರದಿದ್ದರೆ ನಿನ್ನೆಯ ಸ್ಥಿತಿಯೇ ಮುಂದುವರಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪುಟಪುಟವಾಗಿ ತರುವಾಗ ಆಗುವ ತಪ್ಪು. ಲೀವರ್‌ನ ಎಪಿಐ `skip` ಮತ್ತು `limit` ಎಂಬ ಎರಡು ಸಂಖ್ಯೆಗಳನ್ನು ಒಪ್ಪುತ್ತದೆ. ಒಂದು ಕಂಪನಿಯಲ್ಲಿ 134 ಹುದ್ದೆಗಳಿದ್ದವು, ನಾನು ನೂರರಂತೆ ತರುತ್ತಿದ್ದೆ. ಮೊದಲ ವಿನಂತಿಯಲ್ಲಿ ಒಂದರಿಂದ ನೂರರವರೆಗಿನವು ಬಂದವು ಎಂದುಕೊಳ್ಳಿ. ಎರಡನೆಯ ವಿನಂತಿ ಹೋಗುವ ಮುನ್ನ ಯಾರೋ 37ನೆಯ ಹುದ್ದೆಯನ್ನು ಮುಚ್ಚಿದರೆ, ಅದರ ನಂತರದವೆಲ್ಲ ಒಂದೊಂದು ಸ್ಥಾನ ಮೇಲೆ ಸರಿಯುತ್ತವೆ, 101ನೆಯದು ನೂರನೆಯದಾಗುತ್ತದೆ. ಮೊದಲ ನೂರನ್ನು ಬಿಟ್ಟು ಕೊಡು ಎಂದು ನಾವು ಕೇಳುವ ಹೊತ್ತಿಗೆ ಅದು ಆ ನೂರರೊಳಗೆ ಸೇರಿಕೊಂಡಿರುತ್ತದೆ. ಹೀಗಾಗಿ ಅದು ಎರಡೂ ಪುಟಗಳಲ್ಲಿ ಬರುವುದಿಲ್ಲ. ತೆರೆದೇ ಇರುವ ಹುದ್ದೆಯನ್ನು ನನ್ನ ಫಲಕ ಮುಚ್ಚಿದೆ ಎಂದು ತೋರಿಸುತ್ತದೆ, ಎಲ್ಲಿಯೂ ದೋಷದ ಸೂಚನೆ ಇರುವುದಿಲ್ಲ.

ಇದು ನನ್ನ ಕಣ್ಣಿಗೆ ಬಿದ್ದದ್ದು ದಿನಚರಿಯ ಕಡತದಿಂದ. ಮುಚ್ಚಿದೆ ಎಂದು ಬರೆದಿದ್ದ ಹುದ್ದೆಯೊಂದು ಮರುದಿನ ಅದೇ `id`, ಅದೇ ಹಳೆಯ `createdAt` ಹೊತ್ತು ಮರಳಿತ್ತು. ನಿಜವಾಗಿ ಮುಚ್ಚಿ ಹೊಸದಾಗಿ ಪ್ರಕಟಿಸಿದ್ದರೆ ಗುರುತು ಹೊಸದಾಗಿರಬೇಕಿತ್ತಲ್ಲವೇ ಎಂಬ ಅನುಮಾನದಿಂದ ಹುಡುಕಾಟ ಆರಂಭವಾಯಿತು. ಪರಿಹಾರವಾಗಿ ಈಗ ನೂರು ಹುದ್ದೆ ಕೇಳಿದರೂ ತೊಂಬತ್ತರಷ್ಟೇ ಮುಂದೆ ಹೋಗುತ್ತೇನೆ:

```
?mode=json&skip=0&limit=100
?mode=json&skip=90&limit=100
```

ಹತ್ತು ಹುದ್ದೆಗಳು ಎರಡು ಬಾರಿ ಬರುತ್ತವೆ, ಅವನ್ನು `id` ನೋಡಿ ಒಂದೇ ಎಂದು ಹಿಡಿಯಬಹುದು. ಎರಡು ವಿನಂತಿಗಳ ನಡುವಿನ ಒಂದೆರಡು ಸೆಕೆಂಡುಗಳಲ್ಲಿ ಹತ್ತಕ್ಕಿಂತ ಹೆಚ್ಚು ಹುದ್ದೆಗಳು ಮುಚ್ಚದಿದ್ದರೆ ಯಾವುದೂ ತಪ್ಪಿಹೋಗುವುದಿಲ್ಲ. ಇದರ ಮೇಲೂ, ಸತತ ಎರಡು ದಿನ ಕಾಣದ ಹುದ್ದೆಯನ್ನು ಅದರದೇ ವಿಳಾಸದಲ್ಲಿ ಒಂಟಿಯಾಗಿ ಕೇಳಿ ನೋಡುತ್ತೇನೆ. 404 ಬಂದರೆ ಮಾತ್ರ ಫಲಕದಿಂದ ತೆಗೆಯುತ್ತೇನೆ. ಮುಚ್ಚಿದ ಹುದ್ದೆ ಒಂದು ದಿನ ಹೆಚ್ಚು ಉಳಿದರೂ ಪರವಾಗಿಲ್ಲ, ತೆರೆದ ಹುದ್ದೆ ಒಂದು ದಿನ ಮರೆಯಾಗಬಾರದು ಎಂಬುದು ನನ್ನ ಆಯ್ಕೆ. ದಿನಕ್ಕೊಮ್ಮೆ ನೋಡುವ ಹತ್ತಿಪ್ಪತ್ತು ಜನರಿಗೆ ಅದು ಸಾಕು. ಗಂಟೆಗೊಮ್ಮೆ ಸುದ್ದಿ ಕೊಡಬೇಕಾದವರ ಲೆಕ್ಕ ಬೇರೆ ಇರುತ್ತದೆ.

ಈ ಎಚ್ಚರಿಕೆಯೂ ಒಮ್ಮೆ ನನಗೇ ತಿರುಗಿಬಿತ್ತು. ಒಂದು ಕಂಪನಿ ನೇಮಕಾತಿಗೆ ಬೇರೆ ವ್ಯವಸ್ಥೆಗೆ ಹೋಯಿತು, ಅದರ ಇಡೀ ಬೋರ್ಡ್‌ಗೆ 404 ಬರತೊಡಗಿತು. ಅದನ್ನು ಪ್ರೋಗ್ರಾಂ ‘ಉತ್ತರ ಬರಲಿಲ್ಲ’ ಎಂಬ ಲೆಕ್ಕಕ್ಕೆ ಸೇರಿಸಿ ನಿನ್ನೆಯ ಸ್ಥಿತಿಯನ್ನೇ ಕಾಯ್ದುಕೊಂಡಿತು. ಹದಿನಾಲ್ಕು ಹುದ್ದೆಗಳು ಹನ್ನೊಂದು ದಿನ ತೆರೆದಿರುವಂತೆ ಕಾಣುತ್ತಿದ್ದವು. ಕೊನೆಗೆ ಗೆಳತಿಯೊಬ್ಬಳು, “ನಿಮ್ಮ ಲಿಂಕ್ ಒತ್ತಿದರೆ ಖಾಲಿ ಪುಟ ಬರುತ್ತದೆ, ನಾನು ಎರಡು ಸಂಜೆ ಕೂತು ಅರ್ಜಿ ಸಿದ್ಧಮಾಡಿದ್ದೆ,” ಎಂದು ಬರೆದಾಗಲೇ ನನಗೆ ಗೊತ್ತಾಯಿತು. ಈಗ ಮೂರು ದಿನ ಸತತವಾಗಿ ಬೋರ್ಡ್ ಉತ್ತರಿಸದಿದ್ದರೆ ಆ ಕಂಪನಿಯ ಎಲ್ಲ ಹುದ್ದೆಗಳ ಪಕ್ಕದಲ್ಲಿ ‘ಖಚಿತವಿಲ್ಲ’ ಎಂದು ಬೀಳುತ್ತದೆ, ನನಗೂ ಒಂದು ಮಿಂಚಂಚೆ ಬರುತ್ತದೆ.

ಇಷ್ಟೆಲ್ಲ ಗೊಣಗಿದರೂ ಸ್ಕ್ರೇಪಿಂಗ್‌ಗೆ ನಾನು ಮರಳುವುದಿಲ್ಲ. ಹುದ್ದೆ ಮುಚ್ಚಿದ್ದನ್ನು ಊಹಿಸುವ ಕಷ್ಟ ಅಲ್ಲಿಯೂ ಇತ್ತು, ಅಲ್ಲಿ ಹುದ್ದೆ ಕಾಣೆಯಾದದ್ದೋ ಅಥವಾ ಪುಟದ ವಿನ್ಯಾಸ ಬದಲಾದದ್ದೋ ಎಂದು ಹೇಳುವುದಕ್ಕೆ ಸ್ಥಿರವಾದ `id` ಕೂಡ ಇರಲಿಲ್ಲ. ಆದರೆ ಈ ಮಾತು, ಯಾವ ಕಂಪನಿಗಳನ್ನು ನೋಡಬೇಕೆಂದು ಮೊದಲೇ ಗೊತ್ತಿರುವ ನನ್ನಂತಹವರಿಗೆ ಮಾತ್ರ ಸಲ್ಲುತ್ತದೆ. ಇವು ಒಂದೊಂದು ಕಂಪನಿಯ ಬಾಗಿಲುಗಳು, ಒಳಹೋಗಲು ಅದರ ಟೋಕನ್ ತಿಳಿದಿರಬೇಕು. ಇಡೀ ಮಾರುಕಟ್ಟೆಯಲ್ಲಿ ಹುಡುಕಬೇಕಾದವರು ಅಡ್ಜುನಾದಂತಹ ಸಂಗ್ರಾಹಕ ಎಪಿಐಗಳ ಕಡೆ ಹೋಗಬೇಕಾಗುತ್ತದೆ. ಅಲ್ಲಿ ಕೀ ಪಡೆಯಬೇಕು, ವಿವರಣೆಯ ತುಣುಕು ಮಾತ್ರ ಸಿಗುತ್ತದೆ. ಪೂರ್ತಿ ವಿವರಣೆ ಓದಿಯೇ ಹುದ್ದೆಯನ್ನು ಆರಿಸಿ ಹಾಕುವ ನನ್ನ ಅಭ್ಯಾಸಕ್ಕೆ ಅದು ಹೊಂದಲಿಲ್ಲ.

ನನ್ನ ನಲವತ್ತರಲ್ಲಿ ಮೂರು ಕಂಪನಿಗಳಿಗೆ ಇಂದಿಗೂ ಯಾವ ಫೀಡೂ ಇಲ್ಲ. ಅವುಗಳ ಪುಟಗಳನ್ನು ಸೋಮವಾರ ಬೆಳಿಗ್ಗೆ ನಾನೇ ತೆರೆದು, ಓದಿ, ಕೈಯಾರೆ ಸೇರಿಸುತ್ತೇನೆ.