ನಾಲ್ಕು ವರ್ಷದ ಟಿವಿ ಮತ್ತು ಆ ಕಪ್ಪು ಪಟ್ಟಿಗಳು

ಈ 43 ಇಂಚಿನ ಎಲ್‌ಇಡಿ ಟಿವಿ ಮನೆಗೆ ಬಂದು ನಾಲ್ಕು ವರ್ಷ ದಾಟಿತು. ಸೌಂಡು ಸುಮಾರು, ರಿಮೋಟ್ ಒಂದು ಸಲ ಬದಲಾಯಿಸಿದ್ದೇವೆ, ಮಿಕ್ಕಂತೆ ತಕರಾರಿಲ್ಲ. ಮನೆಯಲ್ಲಿ ವಾದ ನಡೆದಿದ್ದೆಲ್ಲ ಒಂದೇ ವಿಷಯಕ್ಕೆ. ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ! ಮೊದಲ ವಾರವೇ ಅಪ್ಪ ಕೇಳಿದ್ದರು, "ಪೂರ್ತಿ ದುಡ್ಡು ಕೊಟ್ಟು ಮುಕ್ಕಾಲು ಟಿವಿ ತಂದ್ಯೇನೋ?"

ಟೇಪು ಹಿಡಿದು ಅಳೆದರೆ ಅಪ್ಪನ ಲೆಕ್ಕ ಸರಿಯಾಗೇ ಇತ್ತು. ಪರದೆ 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ. ಇದೇ 16:9, ಅಂದರೆ ಎತ್ತರದ 1.78 ಪಟ್ಟು ಅಗಲ. ಆದರೆ ನಾವು ನೋಡುತ್ತಿದ್ದದ್ದು ಸ್ಕೋಪ್ ಸಿನಿಮಾ. ಅದರ ಅಗಲ ಎತ್ತರದ 2.39 ಪಟ್ಟು. ಟಿವಿಯ ಅಗಲಕ್ಕೆ ಅದನ್ನು ಕೂರಿಸಿದರೆ ಎತ್ತರ 40 ಸೆಂ.ಮೀ.ಗೇ ಮುಗಿಯುತ್ತದೆ. ಉಳಿದ ಜಾಗ ಮೇಲೊಂದು ಏಳು, ಕೆಳಗೊಂದು ಏಳು ಸೆಂ.ಮೀ. ಪಟ್ಟಿ. ಪಟ್ಟಿ ಚಿತ್ರವನ್ನು ಮುಚ್ಚಿಲ್ಲ, ಅಲ್ಲಿ ಚಿತ್ರವೇ ಇಲ್ಲ. 1953ರಲ್ಲಿ ಹಾಲಿವುಡ್‌ನವರು ಸಿನಿಮಾಸ್ಕೋಪ್ ತಂದದ್ದೇ ಮನೆಯ ಟಿವಿಯಲ್ಲಿ ಸಿಗದ ಅಗಲವನ್ನು ತೋರಿಸಿ ಜನರನ್ನು ಥಿಯೇಟರಿಗೆ ಕರೆಯಲು. ಅದನ್ನು ಈಗ ಟಿವಿಯಲ್ಲೇ ನೋಡುತ್ತಿದ್ದೇವೆ.

ಅಪ್ಪನ ಸಮಾಧಾನಕ್ಕೆ ಕೆಲವು ತಿಂಗಳು ಜೂಮ್‌ನಲ್ಲೇ ಇಟ್ಟಿದ್ದೆವು. ಪರದೆ ತುಂಬಿತು. ಆದರೆ ಎತ್ತರ ತುಂಬಿಸಲು ಎಡಕ್ಕೂ ಬಲಕ್ಕೂ ಚಿತ್ರದ ಎಂಟನೇ ಒಂದು ಭಾಗ ಹೊರಗೆ ಹೋಗುತ್ತದೆ. ಊಟದ ಮೇಜಿನ ಎರಡು ತುದಿಯಲ್ಲಿ ಕೂತು ಇಬ್ಬರು ಮಾತಾಡುವ ದೃಶ್ಯವೊಂದರಲ್ಲಿ ನಮಗೆ ಕಂಡಿದ್ದು ಎರಡು ಮೂಗು, ಮಧ್ಯೆ ದೊಡ್ಡ ಅನ್ನದ ಪಾತ್ರೆ. ಪಟ್ಟಿಯ ಮೇಲೆ ಬರುತ್ತಿದ್ದ ಸಬ್‌ಟೈಟಲ್ ಕೂಡ ಮಾಯ. ಸ್ಟ್ರೆಚ್ ಮಾಡಿದರೆ ಏನೂ ಕತ್ತರಿಸುವುದಿಲ್ಲ, ಬದಲಿಗೆ ಮುಖಗಳು ಮೂರನೇ ಒಂದು ಭಾಗದಷ್ಟು ಉದ್ದ ಆಗುತ್ತವೆ. ಅದನ್ನು ಐದು ನಿಮಿಷಕ್ಕಿಂತ ಜಾಸ್ತಿ ಯಾರೂ ಸಹಿಸಲಿಲ್ಲ.

ಹಳೆಯ ಕಪ್ಪು ಬಿಳುಪು ಸಿನಿಮಾಗಳದ್ದು ಉಲ್ಟಾ ಕತೆ. ಅವು ಹೆಚ್ಚುಕಮ್ಮಿ 4:3, ಪಟ್ಟಿ ಅಕ್ಕಪಕ್ಕ ಬರಬೇಕು. ನಮ್ಮಲ್ಲಿ ಮಾತ್ರ ಬರುತ್ತಲೇ ಇರಲಿಲ್ಲ, ನಾಯಕಿಯರೆಲ್ಲ ಗುಂಡಗಿದ್ದರು. ಒಂದು ದೃಶ್ಯದಲ್ಲಿ ಗೋಡೆ ಗಡಿಯಾರ ಬಂದಾಗ ನಿಲ್ಲಿಸಿ ಅಳೆದೆ: ಎತ್ತರ 9 ಸೆಂ.ಮೀ., ಅಗಲ 12. ಟಿವಿಯಲ್ಲಿ 4:3 ಒತ್ತಿದೆ, ಗಡಿಯಾರ ದುಂಡಗಾಯಿತು. ಖುಷಿಯಿಂದ ಎಚ್‌ಡಿ ಚಾನೆಲ್‌ಗೆ ಹೋದರೆ ಅಲ್ಲಿ ಕ್ರಿಕೆಟ್ ಆಟಗಾರರೆಲ್ಲ ಕಡ್ಡಿ! ತಪ್ಪು ಟಿವಿಯದ್ದಲ್ಲ. ಸೆಟ್‌ಟಾಪ್ ಬಾಕ್ಸೇ ಚಿತ್ರವನ್ನು ಎಳೆದು 16:9 ಮಾಡಿ ಕಳಿಸುತ್ತಿತ್ತು. ಬಾಕ್ಸಿನ ಮೆನುವಿನಲ್ಲಿ ಚಿತ್ರದ ಅಳತೆಯನ್ನು ಸ್ಟ್ರೆಚ್‌ನಿಂದ ನಾರ್ಮಲ್‌ಗೆ ತಂದು, ಟಿವಿಯನ್ನು 16:9ಕ್ಕೆ ಬಿಟ್ಟ ಮೇಲೆ ಎರಡೂ ಸರಿಹೋದವು. ನಿಮ್ಮ ಮನೆಯಲ್ಲೂ ಅನುಮಾನ ಬಂದರೆ ಗಡಿಯಾರವೋ ಚೆಂಡೋ ಗಾಡಿ ಚಕ್ರವೋ ನೇರ ಎದುರಿಗೆ ಕಾಣುವ ದೃಶ್ಯ ಹುಡುಕಿ. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಕಣ್ಣು ಒಗ್ಗಿಬಿಟ್ಟಿರುತ್ತದೆ.

ಜೂಮ್‌ನಿಂದ ಏನೂ ನಷ್ಟವಾಗದ ಜಾಗ ಒಂದೇ ಸಿಕ್ಕಿದ್ದು. ಕೆಲವು ಎಸ್‌ಡಿ ಚಾನೆಲ್‌ಗಳು ಸ್ಕೋಪ್ ಸಿನಿಮಾವನ್ನು ಪಟ್ಟಿ ಸಮೇತ 4:3 ಚೌಕಟ್ಟಿನೊಳಗೆ ಇಟ್ಟು ಕಳಿಸುತ್ತವೆ. ನಮ್ಮ ಟಿವಿ ಅದಕ್ಕೆ ಅಕ್ಕಪಕ್ಕ ಇನ್ನೆರಡು ಪಟ್ಟಿ ಸೇರಿಸುತ್ತದೆ. ನಾಲ್ಕೂ ಕಡೆ ಕಪ್ಪು, ಮಧ್ಯೆ ಪೋಸ್ಟ್‌ಕಾರ್ಡಿನಂಥ ಸಿನಿಮಾ. ಆಗ ಜೂಮ್ ಒತ್ತಿ. ಚಿತ್ರ ಅಂಚಿನಿಂದ ಅಂಚಿಗೆ ಹರಡುತ್ತದೆ, ಕತ್ತರಿಸಿ ಹೋಗುವುದು ಮೇಲೆ ಕೆಳಗಿನ ಕಪ್ಪಿನ ಒಂದು ಭಾಗ ಮಾತ್ರ. ಸ್ವಲ್ಪ ಮಸುಕು ಕಾಣುತ್ತದೆ ನಿಜ. ಎಸ್‌ಡಿ ಚಿತ್ರದ ಒಟ್ಟು 576 ಗೆರೆಗಳಲ್ಲಿ ಸಿನಿಮಾಕ್ಕೆ ಸಿಕ್ಕಿರುವುದೇ 320ರಷ್ಟು, ಟಿವಿ ತಾನೇ ಏನು ಮಾಡೀತು? ಸಿನಿಮಾ ಮುಗಿದ ಮೇಲೆ ವಾಪಸ್ 16:9ಕ್ಕೆ ತರುವುದು ಮರೆತರೆ ರಾತ್ರಿ ನ್ಯೂಸಿನಲ್ಲಿ ಕೆಳಗಿನ ಸಾಲು ಅರ್ಧಕ್ಕೆ ಕತ್ತರಿಸಿರುತ್ತದೆ. ನಾನು ಮೂರು ಸಲ ಮರೆತಿದ್ದೇನೆ.

ಇನ್ನು ಟಿವಿಯ ನಿಜವಾದ ದೋಷ. ಲೈಟ್ ಆರಿಸಿದರೆ ಇದರ ಕಪ್ಪು ಪಟ್ಟಿ ಕಪ್ಪಾಗಿರುವುದಿಲ್ಲ, ಬೂದಿ ಬಣ್ಣ. ಎಲ್‌ಇಡಿ ಟಿವಿ ಅಂದರೂ ಪರದೆ ಎಲ್‌ಸಿಡಿಯೇ, ಅದು ಹಿಂದಿನ ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಮೂಲೆಗಳಲ್ಲಿ ಇನ್ನೂ ಜಾಸ್ತಿ ಸೋರುತ್ತದೆ. ಪಟ್ಟಿ ಕಣ್ಣಿಗೆ ಚುಚ್ಚುತ್ತಿದ್ದದ್ದು ಬಹುಪಾಲು ಇದರಿಂದಲೇ. ಬ್ಯಾಕ್‌ಲೈಟ್ ಕಡಿಮೆ ಮಾಡಿ, ಟಿವಿ ಹಿಂದಿನ ಗೋಡೆಗೆ ಒಂದು ಸಣ್ಣ ದೀಪ ಹಾಕಿದ ಮೇಲೆ ಅಪ್ಪ ರಿಮೋಟ್ ಕೇಳುವುದು ನಿಂತಿದೆ. ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಈ ಬೂದಿ ಬಣ್ಣಕ್ಕೇ ಹೊರತು ಪಟ್ಟಿಗಲ್ಲ.