8 ಚಾನೆಲ್ ಟೆಂಪರೇಚರ್ ಕಂಟ್ರೋಲರ್: ಮೂರು ವರ್ಷ ಬಳಸಿದ ಮೇಲೆ

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್ ಇದೆ. ಈ ಕಂಟ್ರೋಲರ್ ಹಾಕಿ ಮೂರು ವರ್ಷ ಆಯಿತು. ಮೂರು ಫರ್ನೇಸ್‌ಗಳಿಗೆ ಕೆ ಟೈಪ್ ಥರ್ಮೋಕಪಲ್, ಕ್ವೆಂಚ್ ಎಣ್ಣೆ ತೊಟ್ಟಿಗೆ ಪಿಟಿ 100, ಎಲ್ಲವೂ ಇದೇ ಒಂದು ಪೆಟ್ಟಿಗೆಗೆ ಬರುತ್ತವೆ. ಹೀಟರ್ ಕಾಂಟ್ಯಾಕ್ಟರ್‌ಗಳನ್ನು ಇದರ ರಿಲೇಗಳೇ ಆನ್ ಆಫ್ ಮಾಡುತ್ತವೆ. ಯಾವ ಚಾನೆಲ್‌ಗೆ ಯಾವ ಸೆನ್ಸರ್ ಬೇಕಾದರೂ ಮೆನುವಿನಲ್ಲಿ ಆರಿಸಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆದರೆ ಎರಡನೇ ವರ್ಷ ಇದನ್ನು ಕಿತ್ತು ವಾಪಸ್ ಕೊಡೋಣ ಅಂತಲೇ ಹೊರಟಿದ್ದೆವು. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದನೇ ಫರ್ನೇಸ್‌ನ ಕಾಂಪೆನ್ಸೇಟಿಂಗ್ ಕೇಬಲ್ ಬಿಸಿಗೆ ಸುಟ್ಟುಹೋಯಿತು. ಅವತ್ತು ಸ್ಟೋರ್‌ನಲ್ಲಿ ಆ ಕೇಬಲ್ ಇರಲಿಲ್ಲ. ಕೆಲಸ ನಿಲ್ಲಬಾರದು ಅಂತ ನಮ್ಮ ಎಲೆಕ್ಟ್ರಿಷಿಯನ್ ಥರ್ಮೋಕಪಲ್‌ನ ಹೆಡ್‌ನಿಂದ ಪ್ಯಾನೆಲ್‌ವರೆಗೂ ಸಾಮಾನ್ಯ ತಾಮ್ರದ ಫ್ಲೆಕ್ಸಿಬಲ್ ವೈರ್ ಎಳೆದರು. ಮರುದಿನ ಬೆಳಿಗ್ಗೆ ತಣ್ಣಗಿದ್ದ ಫರ್ನೇಸ್ 27 ಡಿಗ್ರಿ ತೋರಿಸಿತು. ಸರಿಯಾಗಿದೆ ಅಂದುಕೊಂಡೆವು. ಸೆಟ್ 850, ಡಿಸ್‌ಪ್ಲೇ 849. ಅನುಮಾನ ಪಡೋಕೆ ಕಾರಣವೇ ಇರಲಿಲ್ಲ.

ವಾರದೊಳಗೆ ಶಾಫ್ಟ್‌ಗಳ ಮೇಲೆ ಸ್ಕೇಲ್ ದಪ್ಪಗೆ ಬರತೊಡಗಿತು. ಬಾಗುವುದೂ ಜಾಸ್ತಿ ಆಯಿತು. ಪ್ರೆಸ್‌ನಲ್ಲಿ ನೆಟ್ಟಗೆ ಮಾಡುವ ಹುಡುಗರು ಸಂಜೆವರೆಗೂ ಅದೇ ಕೆಲಸದಲ್ಲಿ. ಎಲ್ಲರೂ ಕಂಟ್ರೋಲರ್ ಮೇಲೇ ಬೆರಳು ತೋರಿಸಿದೆವು.

ಕ್ಯಾಲಿಬ್ರೇಷನ್‌ಗೆ ಬಂದವರು ತಮ್ಮ ರೆಫರೆನ್ಸ್ ಥರ್ಮೋಕಪಲ್ ಅನ್ನು ನಮ್ಮದರ ಪಕ್ಕದಲ್ಲೇ ಇಳಿಬಿಟ್ಟರು. ಅದು 880 ತೋರಿಸಿತು. ನಮ್ಮ ಡಿಸ್‌ಪ್ಲೇ ಇನ್ನೂ 849. ಅವರು ಕಂಟ್ರೋಲರ್ ಮುಟ್ಟಲೇ ಇಲ್ಲ. ಥರ್ಮೋಕಪಲ್‌ನ ಹೆಡ್ ಮುಚ್ಚಳ ತೆಗೆದು, ಒಳಗಿನ ಟರ್ಮಿನಲ್ ಎಷ್ಟು ಬಿಸಿ ಇದೆ ಅಂತ ಅಳೆದರು. 65 ಡಿಗ್ರಿ. ಪ್ಯಾನೆಲ್‌ನ ಟರ್ಮಿನಲ್ 35. "ಸಾರ್, ನಿಮ್ಮ ಮೂವತ್ತು ಡಿಗ್ರಿ ಇಲ್ಲೇ ಇದೆ" ಅಂದರು.

ಥರ್ಮೋಕಪಲ್ ಶಾಖವನ್ನು ನೇರವಾಗಿ ಹೇಳುವುದಿಲ್ಲ. ಅದರ ಬಿಸಿ ತುದಿಗೂ, ಅದರ ಲೋಹ ಮುಗಿದು ತಾಮ್ರ ಶುರುವಾಗುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ಆ ಎರಡನೇ ಜಾಗವೇ ಕೋಲ್ಡ್ ಜಂಕ್ಷನ್. ಕಾಂಪೆನ್ಸೇಟಿಂಗ್ ಕೇಬಲ್ ಥರ್ಮೋಕಪಲ್‌ನ ಗುಣವನ್ನೇ ಮುಂದುವರಿಸುವುದರಿಂದ, ಕೋಲ್ಡ್ ಜಂಕ್ಷನ್ ಕಂಟ್ರೋಲರ್‌ನ ಟರ್ಮಿನಲ್‌ವರೆಗೂ ಬರುತ್ತದೆ. ಅಲ್ಲಿ ಎಷ್ಟು ಶಾಖ ಇದೆ ಅಂತ ಕಂಟ್ರೋಲರ್ ಒಳಗಿನ ಪುಟ್ಟ ಸೆನ್ಸರ್ ನೋಡಿ, ಅಷ್ಟನ್ನು ಕೂಡಿಸುತ್ತದೆ. ನಾವು ತಾಮ್ರ ಹಾಕಿದ ಕೂಡಲೇ ಕೋಲ್ಡ್ ಜಂಕ್ಷನ್ ಫರ್ನೇಸ್ ಪಕ್ಕದ ಹೆಡ್‌ಗೆ ಹೋಯಿತು. ಅಲ್ಲಿ 65 ಡಿಗ್ರಿ. ಪಾಪ, ಕಂಟ್ರೋಲರ್ ತನ್ನ ಹತ್ತಿರದ 35 ಅನ್ನೇ ಕೂಡಿಸುತ್ತಿತ್ತು.

ಲೆಕ್ಕವೂ ಸರಿಹೋಗುತ್ತದೆ. ಕೆ ಟೈಪ್ ಟೇಬಲ್‌ನಲ್ಲಿ 880 ಡಿಗ್ರಿಗೆ 36.524 ಮಿಲಿವೋಲ್ಟ್. ಹೆಡ್‌ನ 65 ಡಿಗ್ರಿಯ 2.644 ಕಳೆಯಿರಿ. ಪ್ಯಾನೆಲ್‌ನ 35 ಡಿಗ್ರಿಯ 1.407 ಕೂಡಿಸಿ. 35.287 ಬರುತ್ತದೆ. ಟೇಬಲ್‌ನಲ್ಲಿ ಅದು 849 ಡಿಗ್ರಿ. ಕಂಟ್ರೋಲರ್ ತನಗೆ ಬಂದ ವೋಲ್ಟೇಜನ್ನು ಸರಿಯಾಗಿಯೇ ಓದಿತ್ತು.

ಬೆಳಿಗ್ಗೆ ತಪ್ಪು ಕಾಣದೇ ಇದ್ದದ್ದೂ ಇದಕ್ಕೇ. ಆಗ ಹೆಡ್ ಮತ್ತು ಪ್ಯಾನೆಲ್ ಎರಡೂ 27 ಡಿಗ್ರಿ. ಫರ್ನೇಸ್ ಕಾದಂತೆ ಹೆಡ್ ಕಾಯುತ್ತದೆ, ತಪ್ಪೂ ಬೆಳೆಯುತ್ತದೆ. ಅದಕ್ಕೇ ಮೆನುವಿನಲ್ಲಿ 30 ಡಿಗ್ರಿ ಆಫ್‌ಸೆಟ್ ಕೊಟ್ಟು ಸುಮ್ಮನಾಗುವ ಹಾಗಿಲ್ಲ. ಹೆಡ್ 50 ಡಿಗ್ರಿ ಇದ್ದಾಗ ಅದೇ ಆಫ್‌ಸೆಟ್ ಇನ್ನೊಂದು ತಪ್ಪಾಗುತ್ತದೆ.

ಸರಿ, ಹೊಸ ಕೆ ಟೈಪ್ ಕೇಬಲ್ ತಂದೆವು. ಒಳಗೆ ಹಳದಿ ಮತ್ತು ಕೆಂಪು ವೈರ್. ಕೆಂಪು ಅಂದರೆ ಪ್ಲಸ್ ಅಂತ ಎರಡೂ ಕಡೆ ಹಾಗೇ ಜೋಡಿಸಿದರು. ರೆಫರೆನ್ಸ್ 850 ಇದ್ದಾಗ ನಮ್ಮದು 789! ತಾಮ್ರಕ್ಕಿಂತಲೂ ಕೆಟ್ಟದಾಯಿತು. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಥರ್ಮೋಕಪಲ್‌ನ ಕೆಂಪು ವೈರ್ ಮೈನಸ್. ಕೆ ಟೈಪ್‌ಗೆ ಹಳದಿ ಪ್ಲಸ್. ಅಂತರರಾಷ್ಟ್ರೀಯ ಐಇಸಿ ಪದ್ಧತಿಯ ಕೇಬಲ್ ಆದರೆ ಹಸಿರು ಪ್ಲಸ್, ಬಿಳಿ ಮೈನಸ್. ಒಂದೇ ತುದಿಯಲ್ಲಿ ಅದಲು ಬದಲಾದರೆ ಫರ್ನೇಸ್ ಕಾದಂತೆ ಡಿಸ್‌ಪ್ಲೇ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಎರಡೂ ತುದಿಯಲ್ಲಿ ಅದಲು ಬದಲಾದರೆ ಡಿಸ್‌ಪ್ಲೇ ಏರುತ್ತಲೇ ಇರುತ್ತದೆ. ಆದರೆ ಹೆಡ್ ಮತ್ತು ಪ್ಯಾನೆಲ್ ನಡುವಿನ ವ್ಯತ್ಯಾಸದ ಎರಡರಷ್ಟು ಕಡಿಮೆ ತೋರಿಸುತ್ತದೆ. ಇದು ನನಗೆ ನಿಜವಾಗಲೂ ಹೆದರಿಕೆ ಹುಟ್ಟಿಸಿದ ತಪ್ಪು. ವೈರ್ ಸರಿ ಮಾಡಿದ ಮೇಲೆ ರೆಫರೆನ್ಸ್‌ಗೂ ನಮ್ಮದಕ್ಕೂ ಎರಡು ಡಿಗ್ರಿ ವ್ಯತ್ಯಾಸ ಉಳಿಯಿತು. ಅಷ್ಟು ಕೆ ಟೈಪ್‌ನಲ್ಲಿ ಇರುವುದೇ.

ಪಿಟಿ 100 ಕಥೆ ಬೇರೆ. ಅದು ಶಾಖ ಏರಿದಂತೆ ರೆಸಿಸ್ಟೆನ್ಸ್ ಏರುವ ಸೆನ್ಸರ್, ಕಂಟ್ರೋಲರ್ ಆ ರೆಸಿಸ್ಟೆನ್ಸನ್ನೇ ಅಳೆಯುತ್ತದೆ. ಅಲ್ಲಿ ತಾಮ್ರದ ವೈರ್ ಹಾಕುವುದೇ ಸರಿ. ಕಾಟ ಕೊಡುವುದು ವೈರ್‌ನ ರೆಸಿಸ್ಟೆನ್ಸ್. ಎಣ್ಣೆ ತೊಟ್ಟಿ ಪ್ಯಾನೆಲ್‌ನಿಂದ 25 ಮೀಟರ್ ದೂರ. 0.5 ಸ್ಕ್ವೇರ್ ಎಂಎಂ ಕೇಬಲ್‌ನ ಎರಡೇ ಕೋರ್ ಎಳೆದು, ಮೂರನೇ ಟರ್ಮಿನಲ್‌ಗೆ ಪ್ಯಾನೆಲ್‌ನಲ್ಲೇ ತುಂಡು ವೈರ್ ಸೇರಿಸಿದ್ದರು. ಹೋಗಿ ಬರುವ 50 ಮೀಟರ್‌ಗೆ ಸುಮಾರು 1.95 ಓಮ್. ಒಂದು ಡಿಗ್ರಿಗೆ 0.385 ಓಮ್ ಲೆಕ್ಕದಲ್ಲಿ ಐದು ಡಿಗ್ರಿ ಜಾಸ್ತಿ. ಎಣ್ಣೆ 60 ಇದ್ದರೆ 65 ತೋರಿಸುತ್ತಿತ್ತು. ಮೂರನೇ ಕೋರ್ ಅನ್ನು ಸೆನ್ಸರ್‌ನ ಹೆಡ್‌ವರೆಗೂ ಎಳೆದ ಮೇಲೆ ಸರಿಹೋಯಿತು. ಕಂಟ್ರೋಲರ್ ಆ ವೈರ್‌ನಿಂದ ಒಂದು ಕೋರ್‌ನ ರೆಸಿಸ್ಟೆನ್ಸ್ ತಿಳಿದು ಕಳೆದುಬಿಡುತ್ತದೆ. ಆದರೆ ಕೋರ್‌ಗಳೆಲ್ಲ ಒಂದೇ ಥರ ಇವೆ ಅಂತ ಅದು ನಂಬುತ್ತದೆ. ಕಳೆದ ಮಳೆಗಾಲದಲ್ಲಿ ಒಂದೇ ಸ್ಕ್ರೂ ಕಿಲುಬು ಹಿಡಿದು ಡಿಸ್‌ಪ್ಲೇ ಮೂರು ಡಿಗ್ರಿ ಏರಿತ್ತು. ಉಜ್ಜಿ ಬಿಗಿ ಮಾಡಿದೆವು, ಇಳಿಯಿತು.

ಈಗ ಕಂಟ್ರೋಲರ್‌ನ ತಪ್ಪು. ಒಂದು ಅಂಕ ಕಳೆದದ್ದು ಇದಕ್ಕೆ. ಎಂಟು ಚಾನೆಲ್‌ಗೂ ಕೋಲ್ಡ್ ಜಂಕ್ಷನ್ ಸೆನ್ಸರ್ ಒಂದೇ, ಅದೂ ಒಂದನೇ ಚಾನೆಲ್ ತುದಿಯಲ್ಲಿ. ನಮ್ಮ ಪ್ಯಾನೆಲ್‌ನಲ್ಲಿ ಆ ತುದಿಗೆ ಅಂಟಿಕೊಂಡೇ ಪವರ್ ಸಪ್ಲೈ ಇತ್ತು. ಪ್ಲಸ್ ಮೈನಸ್ ಟರ್ಮಿನಲ್‌ಗಳನ್ನು ತಾಮ್ರದ ತುಂಡಿನಿಂದ ಶಾರ್ಟ್ ಮಾಡಿದರೆ ಡಿಸ್‌ಪ್ಲೇ ಆ ಸೆನ್ಸರ್‌ನ ಶಾಖ ತೋರಿಸುತ್ತದೆ. 44 ಬಂತು. ಎಂಟನೇ ಟರ್ಮಿನಲ್ ಮುಟ್ಟಿ ಅಳೆದರೆ 39. ಅಂದರೆ ಎಂಟನೇ ಚಾನೆಲ್ ಯಾವಾಗಲೂ ಐದು ಡಿಗ್ರಿ ಜಾಸ್ತಿ ಹೇಳುತ್ತಿತ್ತು. ಪವರ್ ಸಪ್ಲೈಯನ್ನು ಪ್ಯಾನೆಲ್‌ನ ಮೇಲ್ಭಾಗಕ್ಕೆ ಸರಿಸಿದ ಮೇಲೆ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ ಆಯಿತು. ಮ್ಯಾನ್ಯುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇರಬೇಕಿತ್ತು ಅಲ್ವಾ?

ಏಳನೇ ಚಾನೆಲ್ ಖಾಲಿ ಇದೆ. ಅದನ್ನು ಕೆ ಟೈಪ್‌ಗೆ ಇಟ್ಟು, ಟರ್ಮಿನಲ್ ಶಾರ್ಟ್ ಮಾಡಿ ಬಿಟ್ಟಿದ್ದೇವೆ. ಬೆಳಿಗ್ಗೆ ಶಿಫ್ಟ್‌ಗೆ ಬಂದವರು ಮೊದಲು ಅದನ್ನೇ ನೋಡುತ್ತಾರೆ. ಏಪ್ರಿಲ್‌ನಲ್ಲಿ ಒಂದು ದಿನ ಅದು 52 ಆಗಿತ್ತು. ಬಾಗಿಲು ತೆಗೆದರೆ ಪ್ಯಾನೆಲ್ ಫ್ಯಾನ್ ನಿಂತುಹೋಗಿತ್ತು.