ಪ್ಲಿಂತ್ ತುಂಬಿಸೋಕೆ ಮೊರಂ: ಲೂಸ್ ಅಳತೆನಾ, ಕಾಂಪ್ಯಾಕ್ಟ್ ಅಳತೆನಾ?

ಗೋಡೆ ಒಳಗಡೆ 30x20 ಅಡಿ, 2 ಅಡಿ ಎತ್ತರ ಅಂದ್ರೆ 1200 ಘನ ಅಡಿ, ಆದ್ರೆ ಇದು ನೀರು ಹಾಕಿ ದಮ್ಮಸ್ ಮಾಡಿದ ಮೇಲಿನ ಲೆಕ್ಕ, ಲಾರಿಲಿ ಬರೋದು ಲೂಸ್ ಮಣ್ಣು. ಮೊರಂ ಸುಮಾರು 20% ಕುಗ್ಗುತ್ತೆ ಅಂದ್ಕೊಂಡ್ರೆ 1200ಕ್ಕೆ 20% ಸೇರಿಸಿ 1440 ಆರ್ಡರ್ ಮಾಡ್ಬೇಡಿ, ಕಮ್ಮಿ ಬೀಳುತ್ತೆ. 1200 ಅನ್ನು 0.8ರಿಂದ ಭಾಗಿಸಿ, 1500 ಬೇಕು.

ಲೋಡ್ ಲೆಕ್ಕದಲ್ಲಿ ತಗೊಂಡ್ರೆ ಕುಗ್ಗೋ ನಷ್ಟ ನಿಮ್ದು, ಹಾಗಾಗಿ ಲಾರಿ ಬಾಡಿನ ಒಳಗಡೆ ಟೇಪ್ ಹಿಡಿದು ಅಳೀರಿ. ತುಂಬಿದ ಜಾಗದ ಅಳತೆಗೆ ದುಡ್ಡು ಅಂದ್ರೆ ನಷ್ಟ ಕಂಟ್ರಾಕ್ಟರ್‌ದು, ಆದ್ರೆ ಸರಿಯಾಗಿ ದಮ್ಮಸ್ ಮಾಡದೆ ಲೂಸಾಗೇ ಲೆವೆಲ್ ತೋರ್ಸಿದ್ರೆ ಆಮೇಲೆ ಫ್ಲೋರ್ ಕುಸಿಯುತ್ತೆ. ಪಕ್ಕದಲ್ಲಿ ನಿಂತು 6 ಇಂಚಿನ ಲೇಯರ್ ಲೇಯರಾಗಿ ನೋಡ್ಕೊಳೋಕೆ ಆಗಲ್ಲ ಅಂದ್ರೆ, ನನ್ನ ಪ್ರಕಾರ ಲೋಡ್ ಲೆಕ್ಕನೇ ವಾಸಿ, ಅಲ್ಲಿ ಕಮ್ಮಿ ದಮ್ಮಸ್ ಮಾಡಿ ಮಣ್ಣು ಉಳಿಸಿದ್ರೆ ಕಂಟ್ರಾಕ್ಟರ್‌ಗೆ ಲಾಭ ಇಲ್ಲ.